ಪಿಗ್ಮಿ ನಂಬರಿಗೆ ಹೋದ ರೊಕ್ಕ

ನನ್ನ ಬಾಯಿ ದೊಡ್ಡದು ಎಂಬುದು ಬನಹಟ್ಟಿಯ ಆರು ಓಣಿಗೂ ಗೊತ್ತು. ಹತ್ತೊಂಬತ್ತು ವರ್ಷಗಳಿಂದ ಅದೇ ಆರು ಓಣಿಗಳಲ್ಲಿ ಒಂದು ಪತ್ತಿನ ಸೊಸೈಟಿಗಾಗಿ ಪಿಗ್ಮಿ, ಅಂದರೆ ದಿನದ ಉಳಿತಾಯದ ರೊಕ್ಕ, ಎತ್ತುತ್ತಿದ್ದೇನೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ, ಯಾರಿಗೆ ಎಷ್ಟು ಆಗುತ್ತದೋ ಅಷ್ಟು, ದಿನಾಲೂ ಮನೆ ಬಾಗಿಲಿಗೇ ಹೋಗಿ ಇಸಿದುಕೊಂಡು, ಕೈಯಲ್ಲಿನ ಸಣ್ಣ ಮಷೀನಿನಿಂದ ಚೀಟಿ ಹರಿದು ಕೊಡುವುದು ನನ್ನ ಕೆಲಸ. ಮಗ್ಗದ ಸದ್ದಿನ ನಡುವೆ ಮೆತ್ತಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಒದರಿಯೇ ಮಾತಾಡುವ ರೂಢಿ ಬಿದ್ದಿದೆ. ಮನೆಯಲ್ಲಿ ನನ್ನ ಗಂಡ ಕಿವಿ ಮುಚ್ಚಿಕೊಂಡು, "ಇದು ಓಣಿ ಅಲ್ಲ ಬೇ, ಮನಿ" ಅನ್ನುತ್ತಾನೆ.

ಇನ್ನೊಂದು ರೂಢಿಯೂ ಬಿದ್ದಿತ್ತು. ಬ್ಯಾಂಕು, ಫಾರ್ಮು, ಮೊಬೈಲಿನ ಕೆಲಸ ಅಂತ ಏನು ಬಂದರೂ ಓಣಿಯ ಹೆಂಗಸರು ನನ್ನನ್ನೇ ಕೇಳುತ್ತಿದ್ದರು. ನಾನೂ ಇಲ್ಲ ಅಂದವಳಲ್ಲ. ಬಂದರೂ ಹೂಂ, ಬಾರದಿದ್ದರೂ ಹೂಂ. "ಅದರಾಗೇನೈತಿ, ತಾ ಇಲ್ಲಿ" ಎಂದು ಕೈ ಚಾಚುವುದು. ಈಗ ಬರೆಯುತ್ತಿರುವುದು ಆ ಮಾತಿನಿಂದಲೇ ಆದ ಅನಾಹುತದ ಬಗ್ಗೆ. ಎರಡು ವರ್ಷ ಒಂದು ಮನೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ.

ಮೂರನೆಯ ಓಣಿಯ ಕೊನೆಯ ಮನೆ ಅದು. ಗಂಡ ಹೆಂಡತಿ ಇಬ್ಬರೇ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಒಬ್ಬಳು ಬೀಳಗಿ ಕಡೆ, ಒಬ್ಬಳು ತೇರದಾಳದಲ್ಲಿ ಇದ್ದರು. ಗಂಡನಿಗೆ ಮನೆಯಲ್ಲೇ ಎರಡು ಪವರ್‌ಲೂಮ್ ಇದ್ದವು. ಒಂದು ಮುಂಜಾನೆ ಮಗ್ಗದ ಮುಂದೆ ನಿಂತಲ್ಲೇ ಲಕ್ವಾ ಹೊಡೆದು ಬಿದ್ದಿದ್ದ. ಬಲಗೈ ಬಲಗಾಲು ಹೋದವು, ನಾಲಿಗೆ ದಪ್ಪಾಯಿತು. ಬುದ್ಧಿ ಮಾತ್ರ ಮೊದಲಿನ ಹಾಗೇ ಚುರುಕಾಗಿತ್ತು. ದವಾಖಾನೆಯ ಖರ್ಚಿಗೆ ಎರಡೂ ಮಗ್ಗ ಮಾರಿದರು. ಮಗ್ಗ ಇದ್ದ ಜಾಗಕ್ಕೆ ಅವನ ಮಂಚ ಬಂತು. ಹೆಂಡತಿ ಎದುರಿನ ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಕೊಳವೆಗೆ ಕಂಡಿಕೆ ಅನ್ನುತ್ತಾರೆ. ಎಷ್ಟು ಸುತ್ತಿದರೆ ಅಷ್ಟೇ ಕೂಲಿ. ಅದರ ನಡುವೆ ಎರಡು ತಾಸಿಗೊಮ್ಮೆ ಎದ್ದು ಮನೆಗೆ ಓಡಿ ಬಂದು ಗಂಡನನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಮತ್ತೆ ಓಡುತ್ತಿದ್ದಳು.

ನಾನು ಆ ಮನೆಗೆ ಹೋಗುವುದು ಮಧ್ಯಾಹ್ನ ಮೂರರ ಸುಮಾರಿಗೆ. ಹೋದ ಕೂಡಲೇ ಅವನು ಎಡಗೈ ಎತ್ತಿ, "ಬಂದ್ಲು ಸಾವಕಾರ್ತಿ" ಅನ್ನುತ್ತಿದ್ದ. ಬೇರೆಯವರಿಗೆ ಅದು ಬರೀ ಗೊಗ್ಗರು ಸದ್ದು. ನನಗೆ ತಿಳಿಯುತ್ತಿತ್ತು. "ಹೌದ್ರಿ ಅಣ್ಣಾರ, ವಸೂಲಿಗೆ ಬಂದೇನಿ, ತಗೀರಿ ರೊಕ್ಕ" ಅಂದರೆ ಅವನು ಅರ್ಧ ಮೋರೆಯಿಂದ ನಗುತ್ತಿದ್ದ. ಓಣಿಯಲ್ಲಿ ಯಾರ ಜಗಳ ಎಲ್ಲಿಗೆ ಬಂತು, ನೂಲಿನ ಧಾರಣಿ ಏರಿತೋ ಇಳಿಯಿತೋ, ಎರಡು ಮಾತು ಹೇಳಿ, ಹೆಂಡತಿ ಕೊಟ್ಟ ಹತ್ತು ರೂಪಾಯಿಗೆ ಚೀಟಿ ಹರಿದು ಬರುತ್ತಿದ್ದೆ. ಐದು ನಿಮಿಷದ ಕೆಲಸ.

ಆ ಬೇಸಿಗೆಯಲ್ಲಿ ಅವನ ಟೊಂಕದ ಕೆಳಗೆ ಹುಣ್ಣು ಎದ್ದಿತು. ಮಲಗಿದಲ್ಲೇ ಮಲಗಿ ಚರ್ಮ ಸುಲಿದಿತ್ತು. ಜಮಖಂಡಿಯ ಡಾಕ್ಟರು, "ಗಾಳಿ ಹಾಸಿಗಿ ತರ್ರಿ. ಹುಣ್ಣು ಎಲುಬಿಗೆ ಇಳಿದ್ರ ನನ್ನ ಕೈಯಾಗೂ ಇರಂಗಿಲ್ಲ" ಅಂದರಂತೆ. ಪಂಪಿನಿಂದ ಗಾಳಿ ತುಂಬಿಕೊಂಡು, ಒಂದು ಸಾಲು ಉಬ್ಬಿ ಒಂದು ಸಾಲು ತಗ್ಗಿ, ಮೈಯ ಭಾರ ಒಂದೇ ಕಡೆ ಕೂಡದ ಹಾಗೆ ಮಾಡುವ ಹಾಸಿಗೆ. ಔಷಧದ ಅಂಗಡಿಯಲ್ಲಿ ಐದೂವರೆ ಸಾವಿರ ಹೇಳಿದರು. ಆಕೆಯ ಕೈಯಲ್ಲಿ ಇದ್ದದ್ದು ಆಗಷ್ಟೇ ಅವಧಿ ಮುಗಿದಿದ್ದ ಪಿಗ್ಮಿಯ ರೊಕ್ಕ, ಮೂರು ಸಾವಿರದ ಒಂಬೈನೂರು ಚಿಲ್ಲರೆ. ಅದನ್ನು ಹತ್ತು ಹತ್ತಾಗಿ ಎತ್ತಿದವಳು ನಾನೇ, ಹಾಗಾಗಿ ಅದರ ಹೊರತು ಆ ಮನೆಯಲ್ಲಿ ಬೇರೆ ರೊಕ್ಕ ಇಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಅದರಾಗೇನೈತಿ, ಆನ್‌ಲೈನ್‌ದಾಗ ತರಿಸೂಣು, ತಾ ಇಲ್ಲಿ ಫೋನ" ಅಂದೆ. ಆಕೆಯ ಫೋನಿನಿಂದಲೇ ಹುಡುಕಿ, ಮೂರು ಸಾವಿರದ ಎಂಟುನೂರಕ್ಕೆ ಒಂದನ್ನು ಬುಕ್ ಮಾಡಿದೆ. ಮೊದಲೇ ರೊಕ್ಕ ಕಟ್ಟುವುದು ಬೇಡ, ಮಾಲು ಕೈಗೆ ಬಂದ ಮೇಲೆ ನಗದು ಕೊಡುವುದೇ ಛಲೋ ಎಂದು ಕ್ಯಾಶ್ ಆನ್ ಡೆಲಿವರಿ ಹಾಕಿದೆ. ಅದು ಜಾಣತನದ ಕೆಲಸ ಎಂದೇ ಈಗಲೂ ಅನ್ನುತ್ತೇನೆ. ಜಾಣತನ ಅಲ್ಲಿಗೆ ಮುಗಿಯಿತು.

ಆರನೆಯ ದಿನ ಡಬ್ಬಿ ಬಂತು. ತಂದವನಿಗೆ ಆಕೆ ರೊಕ್ಕ ಎಣಿಸಿ ಕೊಟ್ಟಳು. ಅವನು ಹೋದ ಮೇಲೆ ಬಿಚ್ಚಿ, ಹಾಸಿ, ಪಂಪಿನ ಗುಂಡಿ ಒತ್ತಿದರೆ ಪಂಪು ಉಸಿರೇ ಎತ್ತಲಿಲ್ಲ. ಎದುರಿನ ಶೆಡ್ಡಿನ ವೈರ್‌ಮನ್ ಬಂದು ನೋಡಿ, "ಇದರಾಗ ಜೀವಾನ ಇಲ್ರಿ" ಅಂದ. ನಾನು ಹೋದಾಗ ಗಂಡ ಹೆಂಡತಿ ಇಬ್ಬರೂ ಆ ಚಪ್ಪಟೆ ಹಾಸಿಗೆಯನ್ನೇ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಆ್ಯಪಿನಲ್ಲಿ ದೂರು ಹಾಕಿದೆ, ಫೋಟೊ ಕಳಿಸಿದೆ. ಬದಲಿ ಮಾಲು ದಾಸ್ತಾನಿಲ್ಲ, ಆರ್ಡರ್ ರದ್ದು ಮಾಡುತ್ತೇವೆ, ಮಾಲು ವಾಪಸ್ ಒಯ್ದ ಮೇಲೆ ರೊಕ್ಕ ಹಿಂದಿರುಗಿಸುತ್ತೇವೆ ಎಂದು ಉತ್ತರ ಬಂತು. ನಗದು ಕೊಟ್ಟ ಆರ್ಡರ್ ಆದ್ದರಿಂದ ರೊಕ್ಕ ಹಾಕಲು ಬ್ಯಾಂಕ್ ಖಾತೆಯ ವಿವರ ತುಂಬಿ ಎಂದೂ ಬರೆದಿತ್ತು.

"ಪಾಸ್‌ಬುಕ್ ತಗೊಂಬಾ" ಅಂದೆ.

ಆಕೆ ತಂದದ್ದು ನಮ್ಮ ಸೊಸೈಟಿಯ ಪಿಗ್ಮಿ ಪಾಸ್‌ಬುಕ್.

"ಇದಲ್ಲ ತಂಗಿ, ಬ್ಯಾಂಕಿಂದು. ಸರಕಾರದ ಎರಡ ಸಾವಿರ ಬೀಳತೈತಲಾ, ಅದು."

ಆಕೆ ಸೆರಗಿನಿಂದ ಮೋರೆ ಒರೆಸಿಕೊಂಡಳು. "ಅದು ಬ್ಯಾಡ್ರಿ ಅಕ್ಕಾರ. ಇವ್ರ ಮಗ್ಗದ ಸಾಲ ಬ್ಯಾಂಕಿನ್ಯಾಗ ಇನ್ನಾ ಹಂಗ ಐತಿ. ಇಷ್ಟ ರೊಕ್ಕ ಒಮ್ಮೆ ಬಿದ್ರ ಹಿಡಕೊಂಡ ಬಿಡ್ತಾರ. ಸೊಸೈಟಿದ ಹಾಕ್ರಿ. ಅದು ನಿಮ್ಮ ಕೈಯಾಗಿಂದು, ನನಗ ಚಿಂತಿ ಇರಂಗಿಲ್ಲ."

ಈ ಅಂಜಿಕೆ ನಮ್ಮ ನೇಕಾರ ಓಣಿಗಳಲ್ಲಿ ಪ್ರತಿ ಮನೆಯದ್ದು. ಬ್ಯಾಂಕು ಅಂದರೆ ಸಾಲ ಹಿಡಿಯುವ ಜಾಗ, ಸೊಸೈಟಿ ಅಂದರೆ ನಮ್ಮದು. ಹಾಗಂತ ಸೊಸೈಟಿಗೂ ಬಾಯಲ್ಲಿ "ಬ್ಯಾಂಕ್" ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಆಕೆಯ ಹೊಸ ಪಿಗ್ಮಿಯ ಹದಿನಾಲ್ಕು ಅಂಕಿಯ ನಂಬರು ಅಚ್ಚಾಗಿತ್ತು. ಕೆಳಗೆ ರಬ್ಬರ್ ಸ್ಟಾಂಪಿನಲ್ಲಿ ಒಂದು ಐಎಫ್‌ಎಸ್‌ಸಿ ಕೋಡು ಇತ್ತು. ಅದು ನಮ್ಮ ಸೊಸೈಟಿ ತಾನು ಖಾತೆ ಇಟ್ಟಿರುವ ಜಮಖಂಡಿಯ ಬ್ಯಾಂಕ್ ಶಾಖೆಯ ಕೋಡು. ಆ ಕೋಡಿನ ಜೊತೆ ಬರೆಯಬೇಕಾದದ್ದು ಆ ಬ್ಯಾಂಕಿನಲ್ಲಿರುವ ಸೊಸೈಟಿಯ ಖಾತೆ ನಂಬರು, ಗ್ರಾಹಕರ ಪಿಗ್ಮಿ ನಂಬರಲ್ಲ. ಹತ್ತೊಂಬತ್ತು ವರ್ಷ ಆ ಪಾಸ್‌ಬುಕ್ಕನ್ನು ಸಾವಿರ ಮನೆಗೆ ಹಂಚಿದ ನನಗೆ ಇದು ಗೊತ್ತಿರಲಿಲ್ಲ. ಕೇಳಬಹುದಿತ್ತು, ಮ್ಯಾನೇಜರಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಕೇಳಿದರೆ ಇವಳಿಗೆ ಇಷ್ಟೂ ಗೊತ್ತಿಲ್ಲ ಅಂದಾರು ಎಂಬ ಸೊಕ್ಕು.

ಕೋಡು ಹಾಕಿದೆ. ಬ್ಯಾಂಕಿನ ಹೆಸರು, ಜಮಖಂಡಿ ಶಾಖೆ ಎಂದು ತಾನೇ ತೋರಿಸಿತು. ನಂಬರು ಎರಡು ಸಲ ಕೇಳಿತು, ಎರಡೂ ಸಲ ಸರಿಯಾಗಿ ಒಂದೇ ನಂಬರು ಹಾಕಿದೆ. ಹಸಿರು ಟಿಕ್ ಗುರುತು ಬಂತು. "ಆತು ನೋಡ್ರಿ ಅಣ್ಣಾರ, ನಿಮ್ಮ ರೊಕ್ಕ ನಿಮ್ಮ ಮನಿಗೆ ಬಂತು" ಅಂದೆ. ಅವನು ಎಡಗೈ ಎತ್ತಿ ಮುಗಿದ.

ಮೂರು ದಿನಕ್ಕೆ ಬಂದು ಮಾಲು ಒಯ್ದರು. ಮತ್ತೆರಡು ದಿನಕ್ಕೆ ಆಕೆಯ ಫೋನಿಗೆ ರೊಕ್ಕ ಕಳಿಸಿದ್ದೇವೆ ಎಂದು ಮೆಸೇಜು ಬಂತು. ಸೊಸೈಟಿಯ ಕಂಪ್ಯೂಟರಿನಲ್ಲಿ ನೋಡಿದೆ, ಬಂದಿರಲಿಲ್ಲ. ನಾಳೆ ಬಂದೀತು ಅಂದೆ. ನಾಳೆ ಬರಲಿಲ್ಲ. ಒಂದು ವಾರ ಹೋಯಿತು. ಆಕೆ ಒಂದು ಸಲವೂ "ಏನಾತ್ರಿ" ಅಂತ ಎತ್ತಿ ಆಡಲಿಲ್ಲ. ನಾನು ಚೀಟಿ ಹರಿಯುವಾಗ ನನ್ನ ಮೋರೆ ನೋಡುತ್ತಿದ್ದಳು, ಅಷ್ಟೇ. ಅವಳು ನೋಡಿದಷ್ಟೂ ನನ್ನ ಬಾಯಿ ಜೋರಾಗುತ್ತಿತ್ತು. "ಕಳ್ಳ ಸೂಳೇಮಕ್ಕಳು ತಂಗಿ ಈ ಕಂಪನಿಯವ್ರು. ಬಡವರ ರೊಕ್ಕ ನುಂಗಿ ನೀರ ಕುಡೀತಾರ. ನಾ ಬಿಡಂಗಿಲ್ಲ, ನೋಡ್ತಿರು" ಎಂದು ಇಡೀ ಓಣಿಗೆ ಕೇಳುವ ಹಾಗೆ ಬೈಯುತ್ತಿದ್ದೆ.

ಆ್ಯಪಿನೊಳಗೇ ಇದ್ದ ನಂಬರಿಗೆ ಫೋನು ಹಚ್ಚಿದೆ. ಹೊರಗೆ ಹುಡುಕಿದರೆ ಸಿಗುವ ನಂಬರುಗಳು ಮೋಸದವೆಂದು ನಾನೇ ಊರಿಗೆಲ್ಲ ಸಾರಿದವಳು. ಆ ಕಡೆಯ ಹುಡುಗಿ ಸಮಾಧಾನದಿಂದ, "ಮೇಡಂ, ನಮ್ಮ ಕಡೆಯಿಂದ ಹಣ ಹೋಗಿದೆ. ಯುಟಿಆರ್ ನಂಬರ್ ಕೊಡುತ್ತೇನೆ, ನಿಮ್ಮ ಬ್ಯಾಂಕಿನಲ್ಲಿ ತೋರಿಸಿ" ಅಂದಳು. ರೊಕ್ಕ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋದ ಗುರುತಿನ ನಂಬರು ಅದು. ಅವಳನ್ನೂ ಬೈದೆ. ಅವಳು, "ನಿಮ್ಮ ತೊಂದರೆ ಅರ್ಥವಾಗುತ್ತದೆ ಮೇಡಂ" ಅಂದಳು. ಏನು ಅರ್ಥವಾಗಿತ್ತೋ.

ಮರುದಿನ ಬಸ್ಸು ಹತ್ತಿ ಜಮಖಂಡಿಗೆ ಹೋದೆ. ಬ್ಯಾಂಕಿನಲ್ಲಿ ಸಾಲು ದೊಡ್ಡದಿತ್ತು, ಕಬ್ಬಿನ ಬಿಲ್ಲು ಬಿದ್ದ ದಿನ. ಒಂದೂವರೆ ತಾಸು ನಿಂತ ಮೇಲೆ ಒಬ್ಬ ಆಫೀಸರು ನಂಬರು ಹೊಡೆದು ನೋಡಿದರು.

"ಬಂದಿತ್ತು ಮೇಡಂ. ಅದೇ ದಿನ ಹೊಳ್ಳಿ ಹೋಗೇತಿ. ಈ ನಂಬರಿನ ಖಾತೆ ನಮ್ಮಲ್ಲಿ ಇಲ್ಲ."

"ಇಲ್ಲಂದ್ರ ಹೆಂಗ್ರಿ ಸಾಹೇಬ್ರ? ಪಾಸ್‌ಬುಕ್ಕ ಇಲ್ಲೈತಿ, ನಿಮ್ಮ ಕೋಡು ಇಲ್ಲೈತಿ" ಎಂದು ಕೌಂಟರಿನ ಮೇಲೆ ಪಾಸ್‌ಬುಕ್ ಬಡಿದೆ.

ಅವರು ಅದನ್ನು ತಿರುವಿ ನೋಡಿ ನನ್ನತ್ತ ನೋಡಿದರು. "ಇದು ಪಿಗ್ಮಿ ನಂಬರ್ ಅಲ್ರಿ? ಇದು ನಿಮ್ಮ ಸೊಸೈಟಿ ಲೆಕ್ಕದಾಗ ಇರೂದು, ನಮ್ಮಲ್ಲಿ ಹೆಂಗ ಇರತೈತಿ? ನಮ್ಮಲ್ಲಿ ಸೊಸೈಟಿದು ಒಂದ ಖಾತೆ. ಯಾರ ತುಂಬ್ಯಾರ ಇದನ್ನ?"

ಹಿಂದೆ ಸಾಲಿನಲ್ಲಿ ಹತ್ತು ಮಂದಿ ನಿಂತಿದ್ದರು. "ಗ್ರಾಹಕರು" ಅಂದೆ.

"ಪಾಪ, ಅವರಿಗೆ ಗೊತ್ತಾಗಂಗಿಲ್ಲ ಬಿಡ್ರಿ" ಅಂದರು ಅವರು.

ಆ ಮಾತು ಕೇಳಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನಿಂತು ಇನ್ನೊಂದು ಪ್ರಶ್ನೆ ಕೇಳಿದೆ. ಗಂಡನ ಸಾಲ ಬಾಕಿ ಇದ್ದರೆ ಹೆಂಡತಿಯ ಖಾತೆಗೆ ಬಿದ್ದ ರೊಕ್ಕ ಹಿಡಿಯುತ್ತಾರೆಯೇ? "ಆಕಿ ಸಾಲಕ್ಕ ಸಹಿ ಹಾಕ್ಯಾಳೇನು? ಜಾಮೀನು ನಿಂತಾಳೇನು? ಇಲ್ಲಂದ್ರ ಆಕಿ ಖಾತೆ ಮುಟ್ಟಾಕ ಬರಂಗಿಲ್ಲ" ಅಂದರು. ಆಕೆ ಎಲ್ಲಿಯೂ ಸಹಿ ಹಾಕಿರಲಿಲ್ಲ. ಮಗ್ಗದ ಸಾಲದ ಹೊತ್ತಿಗೆ ಜಾಮೀನು ನಿಂತವನು ಗಂಡನ ಅಣ್ಣ. ಅಂದರೆ ಮೊದಲ ದಿನವೇ ಆಕೆಯ ಸ್ವಂತ ಬ್ಯಾಂಕ್ ಖಾತೆ ಹಾಕಿದ್ದರೆ ರೊಕ್ಕ ಎಂದೋ ಕೈಗೆ ಬಂದಿರುತ್ತಿತ್ತು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೋದ ಕೂಡಲೇ, "ತಂಗಿ, ತಪ್ಪು ನಂದು" ಅನ್ನಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ವಾರಗಟ್ಟಲೆ ಅದೇ ಆಯಿತು ನನ್ನ ಬಾಳು. ಬನಹಟ್ಟಿ ಬಂತು. ಆ ಮನೆಯ ಹೊಸ್ತಿಲು ದಾಟಿದೆ. ಆಕೆ ನನ್ನ ಮೋರೆ ನೋಡಿದಳು. ನಾನು, "ಬ್ಯಾಂಕಿನ್ಯಾಗ ಏನೋ ತಾಂತ್ರಿಕ ತೊಂದರಿ ಅಂತ ತಂಗಿ. ಬ್ಯಾರೆ ಖಾತೆ ಕೊಡಬೇಕಂತ" ಅಂದೆ. ಹೇಳುವಾಗ ಅವನ ಕಡೆ ತಿರುಗಲಿಲ್ಲ. ಸಾಲದ ಅಂಜಿಕೆ ಇಲ್ಲವೆಂದು ತಿಳಿಸಿ ಆಕೆಯ ಬ್ಯಾಂಕ್ ಪಾಸ್‌ಬುಕ್ ಇಸಿದುಕೊಂಡೆ. ಆಕೆ ಕೊಟ್ಟಳು.

ಕಂಪನಿಗೆ ಮತ್ತೆ ಫೋನು. ರೊಕ್ಕ ತಿರುಗಿ ಬಂದದ್ದು ಅವರ ಲೆಕ್ಕದಲ್ಲಿ ಇನ್ನೂ ಕಂಡಿರಲಿಲ್ಲ. ಕಂಡ ಮೇಲೆ ಹೊಸ ಖಾತೆ ತುಂಬಲು ಲಿಂಕ್ ಕಳಿಸುತ್ತೇವೆ, ಆರ್ಡರ್ ಮಾಡಿದ ನಂಬರಿಗೇ ಬರುತ್ತದೆ, ಎರಡು ದಿನದೊಳಗೆ ತುಂಬಬೇಕು ಅಂದರು. ಎಂಟು ದಿನ ಕಾದೆ. ಬರಲಿಲ್ಲ ಎಂದು ಮತ್ತೆ ಫೋನು ಮಾಡಿ ಕೂಗಾಡಿದರೆ, ಕಳಿಸಿ ನಾಲ್ಕು ದಿನವಾಯಿತು, ಅವಧಿ ಮುಗಿದಿದೆ ಅಂದರು. ಆಕೆಯನ್ನು ಕೇಳಿದೆ.

"ಒಂದು ಬಂದಿತ್ರಿ ಅಕ್ಕಾರ. ಇಂಗ್ಲೀಷಿನ್ಯಾಗ ಏನೋ ಇತ್ತು, ನೀಲಿ ಅಕ್ಷರ. ನೀಲಿ ಅಕ್ಷರ ಮುಟ್ಟಬ್ಯಾಡ್ರಿ, ಖಾತೆ ಖಾಲಿ ಆಗತೈತಿ ಅಂತ ನೀವ ಹೇಳಿದ್ರೆಲ್ಲ. ಅಳಿಸಿ ಬಿಟ್ನಿ."

ನಾನೇ ಹೇಳಿದ್ದೆ. ಮನೆ ಮನೆಗೆ ಹೇಳಿದ್ದೆ. ಆಕೆಗೆ ಒಂದು ಮಾತು, ಇಂಥದ್ದು ಬಂದರೆ ನನಗೆ ತೋರಿಸು, ಎಂದು ಹೇಳುವುದನ್ನು ಮಾತ್ರ ಮರೆತಿದ್ದೆ. ಮತ್ತೆ ದೂರು, ಮತ್ತೆ ಕಾಯುವುದು.

ಈ ನಡುವೆ ನಾನು ಆ ಮನೆಯಲ್ಲಿ ನಿಲ್ಲುವುದು ಐದರಿಂದ ಎರಡು ನಿಮಿಷಕ್ಕೆ ಇಳಿಯಿತು. ಚೀಟಿ ಹರಿದು ಕೊಟ್ಟು, ಆಚೆ ಓಣಿಯಲ್ಲಿ ಯಾರೋ ಕಾಯುತ್ತಾರೆ ಎಂದು ಹೊರಡುವುದು. ಅವನು "ಸಾವಕಾರ್ತಿ" ಅಂದರೆ "ಹಾಂ ಅಣ್ಣಾರ" ಅಂದು ಚಪ್ಪಲಿ ಮೆಟ್ಟುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವರು ಕಳ್ಳ ಅನ್ನುವ ಮೊದಲೇ ನಾನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನನ್ನ ಕೈಯಿಂದ ರೊಕ್ಕ ಕೊಟ್ಟು ಹಾಸಿಗೆ ತರಬಹುದಿತ್ತಲ್ಲ ಎಂದು ಓದಿದವರು ಕೇಳಬಹುದು. ತರಬಹುದಿತ್ತು. ನನ್ನ ಹತ್ತಿರ ಅಷ್ಟು ಇತ್ತು. ಕೊಟ್ಟರೆ ತಪ್ಪು ನನ್ನದೆಂದು ಒಪ್ಪಿದ ಹಾಗಾಗುತ್ತದೆ, ನಾಳೆ ಆರು ಓಣಿಯಲ್ಲಿ ಯಾರೂ ನನ್ನ ಕೈಗೆ ರೊಕ್ಕ ಕೊಡುವುದಿಲ್ಲ ಎಂದು ಲೆಕ್ಕ ಹಾಕಿದೆ. ನಾಚಿಕೆಯಾಗುತ್ತದೆ ಬರೆಯಲು.

ಒಂದು ದಿನ ತಡವಾಗಿ ಹೋದೆ, ನಾಲ್ಕು ಗಂಟೆ ಹೊಡೆದಿತ್ತು. ದವಾಖಾನೆಯ ನರ್ಸಮ್ಮ ಬಂದು ಹುಣ್ಣಿಗೆ ಪಟ್ಟಿ ಬದಲಿಸುತ್ತಿದ್ದಳು. ಅವನು ಮಗ್ಗುಲಾಗಿ ಗೋಡೆಗೆ ಮೋರೆ ಮಾಡಿ ಮಲಗಿದ್ದ. ಬಾಗಿಲಲ್ಲಿ ನಿಂತೆ. ಒಂದು ರೂಪಾಯಿ ಅಗಲ ಇದ್ದ ಹುಣ್ಣು ನನ್ನ ಅಂಗೈಯಷ್ಟಾಗಿತ್ತು. ಒಳಗೆ ಹತ್ತಿಯನ್ನು ತುರುಕುತ್ತಿದ್ದಳು. ಅವನು ಎಡಗೈಯಿಂದ ಮಂಚದ ಪಟ್ಟಿ ಹಿಡಿದಿದ್ದ, ಬೆರಳು ಬೆಳ್ಳಗಾಗಿದ್ದವು. ಒದರಲಿಲ್ಲ. ಆಕೆ ಅವನ ತಲೆಯ ಹತ್ತಿರ ಕೂತು, "ಆತು, ಆತು, ಮುಗೀತು" ಅನ್ನುತ್ತಿದ್ದಳು.

ಪಿಗ್ಮಿ ಎತ್ತುವುದನ್ನು ಅಲ್ಲಿಗೇ ಬಿಟ್ಟು, ಓಣಿ ತಿರುಗುವ ನನ್ನ ಸ್ಕೂಟಿಯಲ್ಲೇ ಜಮಖಂಡಿಗೆ ಹೋದೆ. ನನ್ನ ಸ್ವಂತದ ಐದೂವರೆ ಸಾವಿರ ಕೊಟ್ಟು ಔಷಧದ ಅಂಗಡಿಯಲ್ಲಿ ಗಾಳಿ ಹಾಸಿಗೆ ತಗೊಂಡೆ. ಅಲ್ಲಿಯೇ ಪಂಪು ಚಾಲೂ ಮಾಡಿಸಿ, ಕೈಯಿಟ್ಟು ನೋಡಿ ಕಟ್ಟಿಸಿದೆ. ಕತ್ತಲಾಗುವ ಮೊದಲು ತಂದು ಹಾಸಿದೆವು. ಒಂದು ಸಾಲು ಉಬ್ಬಿತು, ಒಂದು ತಗ್ಗಿತು. ಅವನ ಮೋರೆ ಸಡಿಲವಾಯಿತು, ಕಣ್ಣು ಮುಚ್ಚಿದ.

"ಯಾರ ಕೊಟ್ರಿ ಇದನ್ನ?" ಆಕೆ ಕೇಳಿದಳು.

"ಸೊಸೈಟಿಯಿಂದ. ಸದಸ್ಯರಿಗೆ ಸಹಾಯ ಅಂತ ಒಂದ ಯೋಜನಾ ಐತಿ" ಅಂದೆ. ಅಂಥ ಯಾವ ಯೋಜನೆಯೂ ಇಲ್ಲ. ಆಕೆ ತಲೆ ಆಡಿಸಿದಳು.

ಮೂರು ದಿನ ಬಿಟ್ಟು ಎರಡನೆಯ ಲಿಂಕ್ ಬಂತು. ಈ ಸಲ ಆಕೆ ಫೋನು ಎತ್ತಿಕೊಂಡು ಓಣಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಒಮ್ಮೆ ತಪ್ಪಾಗಿದ್ದರಿಂದ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಕೂಡ ಕೇಳಿದ್ದರು. ಹೆಸರು, ನಂಬರು, ಕೋಡು, ಮೂರನ್ನೂ ಒಂದೊಂದೇ ಅಂಕಿಯಾಗಿ ಬೆರಳಿಟ್ಟು ಓದಿ ತುಂಬಿದೆ, ಆಕೆಯಿಂದಲೂ ಓದಿಸಿದೆ. ಐದು ದಿನಕ್ಕೆ ಮೂರು ಸಾವಿರದ ಎಂಟುನೂರು ರೂಪಾಯಿ ಆಕೆಯ ಖಾತೆಗೆ ಬಿತ್ತು. ಯಾರೂ ಹಿಡಿಯಲಿಲ್ಲ.

ಮರುದಿನ ಮಧ್ಯಾಹ್ನ ನಾನು ಹೋದಾಗ ಅವನು ನಿದ್ದೆ ಹೋಗಿದ್ದ. ಆಕೆ ಚಾ ಕೊಟ್ಟಳು. ಹತ್ತು ರೂಪಾಯಿಯ ಜಾಗದಲ್ಲಿ ನೋಟಿನ ಒಂದು ಸುರುಳಿ ಕೈಯಲ್ಲಿಟ್ಟಳು.

"ಏನಿದು?"

"ನಿಮ್ಮ ರೊಕ್ಕರಿ. ಮೂರು ಸಾವಿರದ ಎಂಟುನೂರು ಐತಿ. ಉಳಿದದ್ದು ಪಿಗ್ಮಿ ಮುಗದ ಮ್ಯಾಲ ಮುರಕೋರಿ."

"ನಂದ್ಯಾಕ ಆಗತೈತಿ? ಸೊಸೈಟಿ..." ಅಂದೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಬಾಯಿ ಕಟ್ಟಿದ್ದು ಅವತ್ತೇ ಮೊದಲು. ಬಟ್ಟಲು ಕೆಳಗಿಟ್ಟು, "ತಂಗಿ, ತಪ್ಪು ನಂದು. ನಿನ್ನ ಪಿಗ್ಮಿ ನಂಬರ ಬ್ಯಾಂಕಿಂದು ಅಂತ ತಿಳದು ಹಾಕಿದಾಕಿ ನಾ. ಕಂಪನಿಯವ್ರದಲ್ಲ. ಆ ಹುಣ್ಣು ಅಷ್ಟ ಆಗಾಕ ನಾನ ಕಾರಣ. ಈ ರೊಕ್ಕ ನಾ ಮುಟ್ಟಂಗಿಲ್ಲ" ಅಂದೆ. ಅಳು ಬಂತು. ಅಳುವವಳಲ್ಲ ನಾನು.

"ಗೊತ್ತೈತ್ರಿ ಅಕ್ಕಾರ" ಅಂದಳು ಆಕೆ.

"ಏನ ಗೊತ್ತೈತಿ?"

"ನೀವು ಜಮಖಂಡಿ ಬ್ಯಾಂಕಿಗೆ ಹೋಗೂ ಹಿಂದಿನ ದಿನಾನ ನಾ ಸೊಸೈಟಿಗೆ ಹೋಗಿದ್ನಿ. ಕೌಂಟರಿನ ಹುಡುಗಿ ಕೇಳಿದ್ಲು, ಯಾವ ನಂಬರ ಕೊಟ್ಟೀರಿ ಅಂತ. ಪಾಸ್‌ಬುಕ್ಕ ತೋರ್ಸಿದ್ನಿ. ಪಿಗ್ಮಿಗೆ ಹೊರಗಿನ ರೊಕ್ಕ ಬರಂಗಿಲ್ರಿ ಅಂದ್ಲು. ಅವತ್ತ ಗೊತ್ತಾತು."

ಅಂದರೆ ನನಗಿಂತ ಮೊದಲು. ಅಂದರೆ ನಾನು ತಾಂತ್ರಿಕ ತೊಂದರೆ ಅಂದಾಗ ಆಕೆಗೆ ಗೊತ್ತಿತ್ತು. ಸೊಸೈಟಿಯ ಯೋಜನೆ ಅಂದಾಗಲೂ ಗೊತ್ತಿತ್ತು.

"ಹಂಗಾದ್ರ ಯಾಕ ಅನಲಿಲ್ಲ? ನನ್ನ ಮಾರಿಗೆ ಉಗುಳಬೇಕಿತ್ತು ನೀ."

ಆಕೆ ಗಂಡನಿಗೆ ಇನ್ನೂ ನಿದ್ದೆಯೇ ಎಂದು ನೋಡಿದಳು. ನಂತರ ದನಿ ತಗ್ಗಿಸಿ ಹೇಳಿದಳು. "ಅಂದಿದ್ರ ನಿಮಗ ನಾಚಿಕಿ ಆಗ್ತಿತ್ತು, ಬರೂದು ಬಿಡ್ತಿದ್ರಿ. ಬ್ಯಾರೆ ಯಾರನ್ನರ ಪಿಗ್ಮಿಗೆ ಕಳಸ್ತಿದ್ರಿ. ಇವ್ರು ಅನ್ನೂದು ತಿಳ್ಯೂದು ಒಂದು ನನಗ, ಒಂದು ನಿಮಗ. ನಾ ಎರಡ ತಾಸಿಗೊಮ್ಮೆ ಹೊಳ್ಳಸ್ತೇನಲ್ರಿ, ಮೂರಕ್ಕ ಗ್ವಾಡಿ ಕಡೆ ಪಾಳಿ ಬಂದ್ರೂ ಕೇಳಂಗಿಲ್ಲ. ಹುಣ್ಣು ಆ ಮಗ್ಗಲಿಗೆ ಒತ್ತಿದ್ರೂ ಕೇಳಂಗಿಲ್ಲ. ಬಾಗಲದ ಕಡೆ ಹೊಳ್ಳಸು ಅಂತಾರ, ಸಾವಕಾರ್ತಿ ಬರೂ ಹೊತ್ತಾತು ಅಂತಾರ. ಹಾಸಿಗಿ ಇವತ್ತಿಲ್ಲ ನಾಳೆ ಬರತೈತಿ ಅಂತ ಸುಮ್ನ ಆದ್ನಿರಿ."

ರೊಕ್ಕದ ಸುರುಳಿ ನಮ್ಮಿಬ್ಬರ ನಡುವೆ ನೆಲದ ಮೇಲೆ ಇತ್ತು. ಮಂಚದ ಕೆಳಗೆ ಪಂಪು ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವನು ಎಚ್ಚರಾಗಿ, "ಬಂದ್ಲು..." ಎಂದು ಶುರು ಮಾಡಿದ. ಅವತ್ತು ನಾನು ಆ ಮನೆ ಬಿಟ್ಟದ್ದು ಐದು ಗಂಟೆಗೆ. ರೊಕ್ಕವನ್ನು ಮುಟ್ಟಲಿಲ್ಲ.

ಆಕೆಗೆ ಹೇಳದ ಒಂದು ಮಾತು ಉಳಿದಿದೆ. ಬ್ಯಾಂಕಿನಿಂದ ಬಂದ ಮರುವಾರವೇ ನಾನು ಸೊಸೈಟಿಗೆ ಅರ್ಜಿ ಬರೆದು ಕೊಟ್ಟಿದ್ದೆ, ಮೊಣಕಾಲು ನೋವು, ಮೂರನೆಯ ಓಣಿಯನ್ನು ಬೇರೆಯವರಿಗೆ ಕೊಡಿ ಎಂದು. ಮಂಜೂರೂ ಆಗಿತ್ತು, ಮುಂದಿನ ಒಂದನೇ ತಾರೀಖಿನಿಂದ ಹೊಸಬರು ಹೋಗುವವರಿದ್ದರು. ಮರುದಿನ ಮುಂಜಾನೆ ಸೊಸೈಟಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು, ಅದನ್ನು ಮ್ಯಾನೇಜರ ಕೈಯಿಂದ ವಾಪಸ್ ಇಸಿದುಕೊಂಡೆ. "ಯಾಕ್ರಿ, ಮೊಣಕಾಲು ಕಡಿಮಿ ಆತೇನು?" ಅಂದರು ಅವರು. ಮೊಣಕಾಲು ನನಗೆ ಯಾವತ್ತೂ ನೋಯುತ್ತಿರಲಿಲ್ಲ ಎಂದು ಹೇಳಿದೆ.